ಸಹಾಯ ಬೇಕು: ದಿಗಂತ ನೇರ ಮಾಡಿದ್ರೆ ಪಾದ ಕಟ್ ಆಗ್ತಿದೆ

ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಫೋಟೋ, 3:2 ಅಡ್ಡ ಫ್ರೇಮ್. ಎಡಗಡೆ ಕಂಬದಂಥ ಕಪ್ಪು ಬಂಡೆಗಳ ಮೇಲೆ ತಂಗಿ ನಿಂತು ಬಲಕ್ಕೆ, ಸಮುದ್ರದ ಕಡೆ ನೋಡ್ತಿದ್ದಾಳೆ. ಅವಳ ಮುಖ ತುಂಬ ಚೆನ್ನಾಗಿ ಬಂದಿದೆ, ಹಾಗಾಗಿ ಫೋಟೋ ಬಿಡೋಕೆ ಮನಸ್ಸಿಲ್ಲ.

ದಿಗಂತ ಬಲಕ್ಕೆ 3 ಡಿಗ್ರಿ ಇಳಿದಿದೆ. ತಿರುಗಿಸಿ ನೇರ ಮಾಡಿದ್ರೆ ಖಾಲಿ ಮೂಲೆ ತೆಗೆಯೋಕೆ ಉದ್ದ, ಅಗಲ ಎರಡರಲ್ಲೂ ಸುಮಾರು 7% ಹೋಗುತ್ತೆ. ಎಡಭಾಗ ಕೆಳಗಿಳಿಯೋದ್ರಿಂದ ಫ್ರೇಮಿನ ಅಂಚು ಸರಿಯಾಗಿ ಕಣಕಾಲಿಗೇ ಬರುತ್ತೆ. ನೋಡಿದ್ರೆ ಕತ್ತರಿಸಿದ ಹಾಗಿದೆ.

ಬಲಗಡೆ ಕತ್ತರಿಸಿ 4:5 ಮಾಡಿದ್ರೆ ಅಂಚನ್ನ ಕೆಳಗಿಳಿಸಬಹುದು, ಪಾದ ಉಳಿಯುತ್ತೆ. ಆದ್ರೆ ಅವಳು ನೋಡ್ತಿರೋ ಸಮುದ್ರವೇ ಹೋಗಿ, ಮುಖ ಅಂಚಿಗೆ ತಾಗಿದಂತಾಗುತ್ತೆ.

4:5ರಲ್ಲಿ ಪಾದ ಉಳಿಸಲಾ, ಅಥವಾ 3:2ರಲ್ಲೇ ಮಂಡಿಗಿಂತ ಮೇಲೆ, ತೊಡೆಯ ಮಧ್ಯಕ್ಕೆ ಕ್ರಾಪ್ ಮಾಡಿ ಸಮುದ್ರ ಉಳಿಸಲಾ? ಯಾವುದು, ಯಾಕೆ?