ಒಂದೇ ಪಿಪಿಟಿ, ಮೂರು ಸಭೆ

ಪ್ರಶ್ನೆ: ಹನಿ ನೀರಾವರಿಗೆ ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್ ಮಾರುತ್ತೇವೆ. ರೈತರ ಸಭೆಗೆ 40 ನಿಮಿಷ, ಬ್ಯಾಂಕಿನವರಿಗೆ 20, ಮೇಳದಲ್ಲಿ 10. ಮೂರು ಪಿಪಿಟಿ ಇವೆ. ಬೆಲೆಯನ್ನು ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲಿ ಹಳೆಯದೇ ಉಳಿಯುತ್ತೆ. ಒಂದೇ ಫೈಲಲ್ಲಿ ಆಗುತ್ತಾ?

ಮಾರಾಟ ತರಬೇತುದಾರ: ಸುಲಭ ಸರ್. ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ, ಬೇಡದ್ದಕ್ಕೆ Hide Slide ಕೊಡಿ.

ಪಿಪಿಟಿ ವಿನ್ಯಾಸಕಿ: ಒಂದು ಸಭೆಗೆ ಅದು ಸಾಕು. ಆದರೆ ಮರೆಮಾಡಿದ್ದು ಫೈಲಿನ ಜೊತೆಗೇ ಸೇವ್ ಆಗುತ್ತೆ. ಬ್ಯಾಂಕಿಗೆಂದು ಮುಚ್ಚಿದ ಸ್ಲೈಡ್ ರೈತರ ಮುಂದೆಯೂ ಮುಚ್ಚಿಯೇ ಇರುತ್ತೆ. ಪವರ್‌ಪಾಯಿಂಟ್‌ನಲ್ಲಿ ಇದಕ್ಕೆಂದೇ Slide Show > Custom Slide Show ಇದೆ. ಅದು ಸ್ಲೈಡಿನ ನಕಲು ಮಾಡುವುದಿಲ್ಲ, ಯಾವ ಸ್ಲೈಡ್ ಯಾವ ಕ್ರಮದಲ್ಲಿ ಬರಬೇಕು ಎಂಬ ಪಟ್ಟಿಯನ್ನಷ್ಟೇ ಇಟ್ಟುಕೊಳ್ಳುತ್ತೆ. ಹಾಗಾಗಿ ಬೆಲೆ ಒಂದು ಕಡೆ ತಿದ್ದಿದರೆ ಮೂರಕ್ಕೂ ಹೋಗುತ್ತೆ.

ನಿಮ್ಮ ಲೆಕ್ಕಕ್ಕೆ ತಿರುಳು 6 ಸ್ಲೈಡ್ ಇರಲಿ: ನೀರಿನ ಸಮಸ್ಯೆ, ಸೆನ್ಸರ್ ಮಾಡುವ ಕೆಲಸ, ಒಂದು ಹೊಲದ ಗ್ರಾಫ್, ಬೆಲೆ, ರಿಪೇರಿ ಸೇವೆ, ಮುಂದೇನು. ಸ್ಲೈಡಿಗೆ ಒಂದೂವರೆ ನಿಮಿಷ ಹಿಡಿದರೆ 9 ನಿಮಿಷ, ಮೇಳ ಮುಗಿಯಿತು. ಬ್ಯಾಂಕಿಗೆ ಇದರ ಜೊತೆ ಸಾಲ ತೀರುವ ಲೆಕ್ಕದ 4 ಸ್ಲೈಡ್ ಸೇರಿಸಿ. 15 ನಿಮಿಷ ಮಾತು, ಉಳಿದ ಐದು ಅವರ ಪ್ರಶ್ನೆಗೆ. ರೈತರಿಗೆ ಆ ನಾಲ್ಕು ಬೇಡ, ಬದಲಿಗೆ ಅಳವಡಿಕೆಯ 4, ಬಳಸಿದವರ ಅನುಭವದ 5. ಸುಮಾರು 23 ನಿಮಿಷವಾಗುತ್ತೆ. ಉಳಿದದ್ದನ್ನು ತುಂಬಿಸಲು ಹೋಗಬೇಡಿ, ರೈತರು ಕೇಳುವುದು ಜಾಸ್ತಿ.

ಕೈಕೊಡುವುದು ಜೋಡಣೆಯ ಜಾಗದಲ್ಲಿ. ‘ಹಿಂದೆ ನೋಡಿದಂತೆ’ ಎಂದು ಬರೆದ ಸ್ಲೈಡ್, ಹಿಂದಿನದು ಇಲ್ಲದ ಸಭೆಯಲ್ಲಿ ಅನಾಥ. ಅಂಥ ಮಾತನ್ನು ಸ್ಲೈಡಿಂದ ತೆಗೆದು ಬಾಯಲ್ಲೇ ಹೇಳಿ. ಒಂದು ಸ್ಲೈಡಿನ ವಸ್ತು ಮುಂದಿನದರಲ್ಲಿ ಹೊಸ ಜಾಗಕ್ಕೆ ಜರುಗುವಂತೆ ತೋರಿಸುವ Morph ಕೂಡ ಹಾಗೇ: ಮುಂಚಿನ ಸ್ಲೈಡ್ ಬೇರೆಯಾದರೆ ವಸ್ತು ಜರುಗುವುದಿಲ್ಲ, ಬರೀ ಮಸುಕಾಗಿ ಬದಲಾಗುತ್ತೆ. ಒಂದೇ ಗುಂಪಿನೊಳಗೆ ಮಾತ್ರ ಬಳಸಿ.

ಕಾಲೇಜು ಅಧ್ಯಾಪಕ: ನಾನು ಗೂಗಲ್ ಸ್ಲೈಡ್ಸ್‌ನಲ್ಲಿ ಪಾಠ ಮಾಡೋದು. ಅಲ್ಲಿ ಈ ಆಯ್ಕೆ ಕಾಣಿಸ್ತಿಲ್ಲವಲ್ಲ ಮೇಡಂ?

ವಿನ್ಯಾಸಕಿ: ಇಲ್ಲ ಸರ್. ಅಲ್ಲಿ ಮೂಲ ಫೈಲಿಂದ ಸ್ಲೈಡ್ ಕಾಪಿ ಮಾಡಿ ಹೊಸ ಫೈಲಿಗೆ ಹಾಕುವಾಗ ಮೂಲಕ್ಕೆ ಲಿಂಕ್ ಮಾಡುವ ಆಯ್ಕೆ ಬರುತ್ತೆ. ಮೂಲ ಬದಲಾದ ಮೇಲೆ ಸ್ಲೈಡಿನ ಮೇಲಿನ Update ನೀವೇ ಒತ್ತಬೇಕು, ತಾನಾಗಿ ಆಗುವುದಿಲ್ಲ.

ಪ್ರಶ್ನೆ ಕೇಳಿದವರು: ಮಾಡಿ ನೋಡಿದೆ. ಬ್ಯಾಂಕಿನ ಪಟ್ಟಿಯಲ್ಲಿ ಸ್ಲೈಡ್ ಸಂಖ್ಯೆ 6 ಆದಮೇಲೆ 16 ಅಂತ ಬರ್ತಿದೆ. ನಿನ್ನೆ ಸೇರಿಸಿದ ಒಂದು ಸ್ಲೈಡ್ ಕಾಣೋದೇ ಇಲ್ಲ.

ವಿನ್ಯಾಸಕಿ: ಸಂಖ್ಯೆ ಮೂಲ ಫೈಲಿನದೇ ಬರುವುದು. ಸಂಖ್ಯೆ ತೆಗೆದು ಗುಂಪಿನ ಹೆಸರು ಮೂಲೆಯಲ್ಲಿ ಹಾಕಿ. ಹೊಸ ಸ್ಲೈಡ್ ಯಾವ ಪಟ್ಟಿಗೂ ತಾನಾಗಿ ಸೇರುವುದಿಲ್ಲ, Edit ಒತ್ತಿ ಪ್ರತಿಯೊಂದಕ್ಕೂ ಸೇರಿಸಬೇಕು.

ತರಬೇತುದಾರ: ರೈತರು ಮಧ್ಯದಲ್ಲೇ ‘ಬೆಲೆ ಎಷ್ಟು?’ ಅಂದರೆ ಪಟ್ಟಿಯ ಕ್ರಮ ಏನಾಯ್ತು? ಅದಕ್ಕೆ Section Zoom ಇಟ್ಟ ಮುಖಪುಟವೇ ವಾಸಿ. ಬೇಕಾದ ಗುಂಪಿಗೆ ಹಾರಿ, ಅದು ಮುಗಿದಾಗ ಮುಖಪುಟಕ್ಕೇ ವಾಪಸ್.

ವಿನ್ಯಾಸಕಿ: 40 ನಿಮಿಷದ ಸಭೆಗೆ ಒಪ್ಪುತ್ತೇನೆ. 10 ನಿಮಿಷದಲ್ಲಿ ಮತ್ತೆ ಮತ್ತೆ ಮುಖಪುಟಕ್ಕೆ ಬರುವುದು ನನಗೆ ಸರಿ ಕಾಣುವುದಿಲ್ಲ.

ತರಬೇತುದಾರ: ಮೇಳದಲ್ಲೇ ಮೇಡಂ ಜನ ಮಧ್ಯೆ ಬಾಯಿ ಹಾಕೋದು.