[ಪದಚರ್ಚೆ] ಕೂದಲು ಕೀಳುವುದು, ಹಕ್ಕಳೆ ಕೀಳುವುದು: ‘ಗೀಳು’ ಅನ್ನಬಹುದೇ?

ವೀಣಾ: ಮನೋವೈದ್ಯ ವಿಭಾಗವೊಂದರ ಕರಪತ್ರ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ತಲೆಕೂದಲು, ಹುಬ್ಬು, ರೆಪ್ಪೆಗೂದಲು ಕೀಳುತ್ತ ಕೂರುವುದು, ಮೊಡವೆ-ಹಕ್ಕಳೆ ಕಿತ್ತು ಗಾಯ ಮಾಡಿಕೊಳ್ಳುವುದು, ಎರಡಕ್ಕೂ ಸೇರಿ ಒಂದು ಹೆಸರು ಬೇಕು. ‘ದೇಹಕೇಂದ್ರಿತ ಪುನರಾವರ್ತಿತ ವರ್ತನೆ’ ಎಂದು ಬರೆದೆ, ನನಗೇ ಉಸಿರುಕಟ್ಟಿತು. ‘ಗೀಳು’ ಸಾಕೇ? ‘ಟ್ರಿಗರ್’ಗೆ ಏನು?

ನರಹರಿ ರಾವ್: ಮೊದಲನೆಯದು ಟ್ರೈಕೊಟಿಲೊಮೇನಿಯಾ, 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಅಲೋಪೊ ಇಟ್ಟ ಹೆಸರು. ಗ್ರೀಕಿನಲ್ಲಿ ಕೂದಲು, ಕೀಳು, ಉನ್ಮಾದ. ಕೇಶಲುಂಚನೋನ್ಮಾದ. ಮುಗಿಯಿತಲ್ಲ?

ಪದ್ಮಾವತಿ: ರಾಯರೇ, ಕೇಶಲುಂಚನ ನಮ್ಮ ಜೈನ ಮುನಿಗಳ ವ್ರತ. ಅದಕ್ಕೆ ಉನ್ಮಾದ ಅಂಟಿಸಬೇಡಿ.

ಚಂದ್ರು: ಸಂಸ್ಕೃತದ ಮೂಟೆ ಇಳಿಸಿ. ‘ಕೀಳುಚಟ’. ಅಚ್ಚಗನ್ನಡ, ನಾಲ್ಕೇ ಅಕ್ಷರ.

ಗಿರಿಜಾ: ಚಂದ್ರು, ಓದಿದವರು ‘ಕೀಳಾದ ಚಟ’ ಅಂದುಕೊಳ್ಳುತ್ತಾರೆ. ಬೋಳಾದ ಜಾಗವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಬರುವವರಿಗೆ ಕೊಡುವ ಕಾಗದ ಇದು.

ವೀಣಾ ಅವರೇ, ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಎರಡನ್ನೂ ಗೀಳಿನ ಗುಂಪಿಗೇ ಸೇರಿಸಿದೆ. ಆದರೂ ‘ಗೀಳು’ ಪೂರ್ತಿ ಹೊಂದುವುದಿಲ್ಲ. ಪದೇ ಪದೇ ಕೈ ತೊಳೆಯುವವರ ಹಿಂದೆ ಸಾಮಾನ್ಯವಾಗಿ ಕೊಳೆಯ ಭಯವಿರುತ್ತದೆ. ಇಲ್ಲಿ ಅಂಥ ಯೋಚನೆ ಇರಲೇಬೇಕೆಂದಿಲ್ಲ. ಕಾಲೇಜು ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಪರೀಕ್ಷೆಗೆ ಓದುತ್ತಿದ್ದಾಳೆ, ಬಲಗೈಯಲ್ಲಿ ಪೆನ್ನು, ಎಡಗೈ ಕಿವಿಯ ಮೇಲೆ ಅಲೆಯುತ್ತಿದೆ. ಒರಟಾದ, ಸುರುಟಿದ ಒಂದು ಕೂದಲು ಬೆರಳಿಗೆ ಸಿಕ್ಕಿತು, ಕಿತ್ತಳು, ಬೇರನ್ನು ತುಟಿಗೆ ಸವರಿದಳು. ಆ ಕ್ಷಣ ಹಾಯೆನಿಸಿತು. ಆ ಹಾಯೇ ಕೈಯನ್ನು ಮತ್ತೆ ಕರೆಯುತ್ತದೆ. ಪುಟ ಮುಗಿಯುವವರೆಗೆ ಅವಳಿಗೆ ಗೊತ್ತೇ ಆಗಿರುವುದಿಲ್ಲ. ಅದೇ ಹುಡುಗಿ ಮನೆಯಲ್ಲಿ ಜಗಳವಾದ ದಿನ ಕನ್ನಡಿ ಮುಂದೆ ನಿಂತು, ಗೊತ್ತಿದ್ದೇ ಮೊಡವೆ ಹಿಚುಕುತ್ತಾಳೆ. ಬೇಸರ, ಉದ್ವೇಗ, ಕನ್ನಡಿ, ಬೆರಳಿಗೆ ತಾಗಿದ ಒರಟು, ಟ್ರಿಗರ್ ಎಂದರೆ ಇಷ್ಟೂ.

ಮಂಜುನಾಥ: ನನ್ನ ತಂಗಿ ಮಗಳ ತಲೆಯಲ್ಲಿ ರೂಪಾಯಿಯಗಲ ಬೋಳಾಗಿದೆ. ಹುಳ ತಿಂದಿದೆ ಅಂತ ಎಣ್ಣೆ ಹಚ್ಚುತ್ತಿದ್ದೇವೆ. ಇದೇನಾ ಮೇಡಂ?

ಗಿರಿಜಾ: ಬೋಳು ನುಣ್ಣಗಿದ್ದರೆ ಬಹುಶಃ ಬೇರೆ ಕಾಯಿಲೆ. ಕಿತ್ತ ಜಾಗದಲ್ಲಿ ಉದ್ದ-ಗಿಡ್ಡ ಮೋಟುಗೂದಲು ಕೈಗೆ ತಾಗುತ್ತವೆ. ಎಣ್ಣೆ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ. ಕೀಳುವುದೇ ಆಗಿದ್ದರೂ ‘ಕೈ ತೆಗಿ’ ಅಂತ ಗದರಬೇಡಿ, ಬಚ್ಚಿಟ್ಟು ಕೀಳುತ್ತಾಳೆ. ಕೈ ಎಲ್ಲಿಗೆ, ಯಾವಾಗ ಹೋಗುತ್ತದೆ ಎಂದು ಅವಳೇ ಬರೆದಿಡಲಿ. ಹೋಗತೊಡಗಿದ ಕೂಡಲೇ ಮುಷ್ಟಿ ಬಿಗಿದು ಒಂದೆರಡು ನಿಮಿಷ ಹಿಡಿಯುವುದನ್ನು ಆಪ್ತಚಿಕಿತ್ಸಕರು ಕಲಿಸುತ್ತಾರೆ. 1973ರಲ್ಲಿ ಆಜ್ರಿನ್, ನನ್ ಎಂಬಿಬ್ಬರು ರೂಪಿಸಿದ ವಿಧಾನ. ಎಲ್ಲರಿಗೂ ಪೂರ್ತಿ ಬಿಡುವುದಿಲ್ಲ, ಬಿಟ್ಟದ್ದು ಮರುಕಳಿಸುವುದೂ ಉಂಟು.

ನರಹರಿ ರಾವ್: ಪದ ಕೇಳಿದರೆ ಚಿಕಿತ್ಸೆ. ‘ಪ್ರಚೋದಕ’ ಇರುವಾಗ ‘ಟ್ರಿಗರ್’ ಯಾಕೆ?

ಚಂದ್ರು: ‘ಪ್ರಚೋದಕ’ ನಿಮ್ಮ ಮನೆ ಮಾತೇ? ‘ಕೆರಳಿಕೆ’.

ಗಿರಿಜಾ: ಬೇಸರದಲ್ಲಿ ಯಾರು ಕೆರಳುತ್ತಾರೆ?

ಚಂದ್ರು: ಹಾಗಾದರೆ ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿ.

ವೀಣಾ: ‘ಕೂದಲು, ಚರ್ಮ ಕೀಳುವ ಅಭ್ಯಾಸ’ ಎಂದು ತಲೆಬರಹ ಹಾಕಿದ್ದೇನೆ. ‘ಟ್ರಿಗರ್’ ಇದ್ದ ಕಡೆ ‘ಕೈ ಯಾವಾಗ ಹೋಗುತ್ತದೆ?’ ಎಂದು ಗಿರಿಜಾ ಅವರ ಮಾತನ್ನೇ ಎತ್ತಿಕೊಂಡೆ. ‘ಅಭ್ಯಾಸ’ ತೀರಾ ಹಗುರ ಎಂದು ಡಾಕ್ಟರು ತಕರಾರು ತೆಗೆದಿದ್ದಾರೆ, ನಾಳೆ ಮಧ್ಯಾಹ್ನದವರೆಗೆ ಬದಲಿಸಬಹುದು.