ಪ್ಯಾನೆಲ್‌ನಲ್ಲಿ ಯಾರ್ಯಾರು ಕೂರ್ತಾರೆ ಅಂತ ರಿಕ್ರೂಟರ್‌ನ ಕೇಳಬಹುದಾ?

ಪ್ರಶ್ನೆ, ಹರಿಹರದ ಕ್ವಾಲಿಟಿ ಹುಡುಗ:
ಮೇಡಂ, ಹರಿಹರದ ಒಂದು ಮಷಿನಿಂಗ್ ಶಾಪ್‌ನಲ್ಲಿ 4 ವರ್ಷದಿಂದ ಕ್ವಾಲಿಟಿ ನೋಡ್ತಿದ್ದೀನಿ. ಬೆಂಗಳೂರಿನ ಕಂಪನಿಯೊಂದರಲ್ಲಿ ಸಪ್ಲೈಯರ್ ಕ್ವಾಲಿಟಿ ಕೆಲಸಕ್ಕೆ ಮೊದಲ ರೌಂಡ್ ಆಯ್ತು. ಗುರುವಾರ ಆನ್‌ಲೈನ್ ಪ್ಯಾನೆಲ್, 1 ಗಂಟೆ, ಇಷ್ಟೇ ಮೇಲ್‌ನಲ್ಲಿದೆ. ಯಾರ್ಯಾರು ಇರ್ತಾರೆ ಅಂತ ಕೇಳಿದ್ರೆ ತಪ್ಪು ತಿಳ್ಕೋತಾರಾ? ಹೆಂಗೆ ಕೇಳೋದು?

ನೇಮಕಾತಿ ಕೆಲಸದಾಕೆ, ದಾವಣಗೆರೆ ವಿದ್ಯಾನಗರ:
ಯಾರೂ ತಪ್ಪು ತಿಳ್ಕೊಳ್ಳಲ್ಲ ರೀ. ನನಗೆ ವಾರಕ್ಕೆ ಇಬ್ಬರು ಮೂವರು ಕೇಳ್ತಾರೆ, ಗೊತ್ತಿದ್ರೆ ಹೇಳ್ತೀನಿ. ಎಷ್ಟೋ ಸಲ ನನಗೇ ಗೊತ್ತಿರಲ್ಲ. ಪ್ಯಾನೆಲ್‌ನವರ ಬಿಡುವು ನೋಡಿ ಸಮಯ ಹೊಂದಿಸೋದು ಬೇರೆಯವರು, ಹಿಂದಿನ ದಿನದವರೆಗೂ ಹೆಸರು ಬದಲಾಗ್ತಿರುತ್ತೆ. ಅದಕ್ಕೇ ಸಮಯ ಒಪ್ಪಿಕೊಳ್ಳೋ ಮೇಲ್‌ನಲ್ಲೇ ಕೇಳಿಬಿಡಿ, ಎರಡು ಮೂರು ದಿನ ಕೈಯಲ್ಲಿರಲಿ. ಹೊಸ ಮೇಲ್ ಬೇಡ, ಅದೇ ಮೇಲ್‌ಗೆ ಉತ್ತರಿಸಿ. ಇಂಗ್ಲಿಷ್‌ನಲ್ಲೇ ಬರೀರಿ, ಸಾರ ಇಷ್ಟು:

"ಗುರುವಾರದ ಸಮಯ ನನಗೆ ಸರಿಯಾಗುತ್ತೆ. ತಯಾರಿಗೆ ಅನುಕೂಲವಾಗಲಿ ಅಂತ ಒಂದು ಮಾತು: ಪ್ಯಾನೆಲ್‌ನಲ್ಲಿ ಇರುವವರ ಹೆಸರು, ಹುದ್ದೆ ತಿಳಿಸಬಹುದೇ? ಹೆಸರು ಕೊಡುವ ಪದ್ಧತಿ ಇಲ್ಲದಿದ್ದರೆ ಯಾವ ವಿಭಾಗದವರು, ನಾನು ಯಾರ ಕೈಕೆಳಗೆ ಕೆಲಸ ಮಾಡಬೇಕಾಗುತ್ತದೆ ಎಂದಷ್ಟು ತಿಳಿಸಿದರೂ ಸಾಕು."

ಆ ಕೊನೇ ಸಾಲು ಬಿಡಬೇಡಿ. ಹೆಸರು ಕೊಡಬಾರದು ಅನ್ನೋ ಕಂಪನಿಗಳಿವೆ, ಅಂಥ ಕಡೆ ಬರೀ ಹೆಸರು ಕೇಳಿದ್ರೆ 'ಇಲ್ಲ' ಅಂತ ಒಂದೇ ಮಾತಲ್ಲಿ ಮುಗಿಯುತ್ತೆ. ವಿಭಾಗ ಹೇಳೋಕೆ ರಿಕ್ರೂಟರ್‌ಗೆ ಸಾಮಾನ್ಯವಾಗಿ ಅಡ್ಡಿ ಇರಲ್ಲ. ನಿಮ್ಮ ತಯಾರಿಗೆ ಬೇಕಿರೋದೂ ಅದೇ.

ನಿಮ್ಮ ಜೊತೆ ಮಾತಾಡ್ತಿರೋದು ಕಂಪನಿಯವರಲ್ಲ, ಕನ್ಸಲ್ಟೆನ್ಸಿಯವರು ಅಂದ್ರೆ ಅವರು ಕಂಪನಿಯ ಎಚ್‌ಆರ್‌ನ ಕೇಳಿ ಹೇಳ್ಬೇಕು, ಒಂದು ದಿನ ಹಿಡಿಯುತ್ತೆ. ಉತ್ತರ ಬರದಿದ್ರೆ ಒಂದು ಸಲ ಫೋನ್ ಮಾಡಿ ನೆನಪಿಸಿ. ಅದರ ಮೇಲೆ ಬಿಟ್ಟುಬಿಡಿ.

ಸಾಫ್ಟ್‌ವೇರ್ ಅಣ್ಣ, ಪಿ.ಜೆ. ಬಡಾವಣೆ:
ಕೇಳೋದೇ ಬೇಡ ತಮ್ಮಾ. ಮೀಟಿಂಗ್ ಇನ್ವೈಟ್ ತೆಗೆದ್ರೆ ಯಾರ್ಯಾರಿಗೆ ಹೋಗಿದೆ ಅಂತ ಅದರಲ್ಲೇ ಕಾಣುತ್ತೆ. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಎಲ್ಲರಿಗೂ ಕನೆಕ್ಟ್ ರಿಕ್ವೆಸ್ಟ್ ಕಳಿಸು, ಗುರುವಾರದ ಹೊತ್ತಿಗೆ ನಿನ್ನ ಮುಖ ಪರಿಚಯ ಆಗಿರುತ್ತೆ.

ನೇಮಕಾತಿ ಕೆಲಸದಾಕೆ:
ಅಣ್ಣಾ, ಇನ್ವೈಟ್ ಮಾತು ಅರ್ಧ ಸರಿ. ಅತಿಥಿಗಳ ಪಟ್ಟಿಯನ್ನ ಬಚ್ಚಿಡಬಹುದು. ಎಷ್ಟೋ ಕಡೆ ಅಭ್ಯರ್ಥಿಗೊಂದು ಇನ್ವೈಟ್, ಪ್ಯಾನೆಲ್‌ಗೆ ಇನ್ನೊಂದು ಹೋಗುತ್ತೆ, ಆಗ ನಿಮಗೆ ಕಾಣೋದು ರಿಕ್ರೂಟರ್ ಒಬ್ಬರೇ. ಕಂಡರೆ ನೋಡಿಕೊಳ್ಳಿ, ಅದರಲ್ಲಿ ಕಳ್ಳತನ ಏನಿಲ್ಲ.

ಕನೆಕ್ಟ್ ರಿಕ್ವೆಸ್ಟ್ ಮಾತ್ರ ಸಂದರ್ಶನ ಮುಗಿಯೋವರೆಗೂ ಬೇಡವೇ ಬೇಡ. ನಾನು ಕಳಿಸಿದ ಹುಡುಗನೊಬ್ಬ ಹಂಗೇ ಮಾಡಿದ್ದ. ಪ್ಯಾನೆಲ್‌ನವರ ಹೆಸರು ಮಂಜುನಾಥ. ನಮ್ಮ ಕಡೆ ಆ ಹೆಸರಿನವರು ಬೀದಿಗೆ ನಾಲ್ಕು ಜನ! ಇವನು ಅದೇ ಕಂಪನಿಯ ಬೇರೊಬ್ಬ ಮಂಜುನಾಥರನ್ನ ಹಿಡಿದು, ಅವರ ಪೇಂಟ್ ಶಾಪ್ ಅನುಭವ ಎಲ್ಲ ಬಾಯಿಪಾಠ ಮಾಡ್ಕೊಂಡು ಹೋದ. ಎದುರಿಗೆ ಕೂತಿದ್ದವರು ಖರೀದಿ ವಿಭಾಗದವರು. ಹುದ್ದೆನೂ ಕೇಳಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ಚಿತ್ರದುರ್ಗದ ಮೇಷ್ಟ್ರು:
ನನ್ನ ಮಗಳಿಗೆ ಸರ್ಕಾರಿ ನೇಮಕಾತಿಯ ಸಂದರ್ಶನ ಇದೆ. ಬೋರ್ಡ್‌ನಲ್ಲಿ ಯಾವ ಪ್ರೊಫೆಸರ್ ಇರ್ತಾರೆ ಅಂತ ಹಿಂಗೇ ಒಂದು ಮೇಲ್ ಹಾಕಬಹುದಾ?

ನೇಮಕಾತಿ ಕೆಲಸದಾಕೆ:
ಬೇಡ ಸರ್. ಇಲ್ಲಿ ಹೇಳ್ತಿರೋದು ಖಾಸಗಿ ಕಂಪನಿ ಮಾತು. ಸರ್ಕಾರಿ ನೇಮಕಾತಿಯಲ್ಲಿ ಬೋರ್ಡ್ ಸದಸ್ಯರ ಹೆಸರು ಮೊದಲೇ ಹೇಳಲ್ಲ. ಪ್ರಭಾವ ಬೀರೋಕೆ ನೋಡಿದ್ರೆ ಅನರ್ಹ ಅಂತ ಅಧಿಸೂಚನೆಯಲ್ಲೇ ಒಂದು ಸಾಲು ಇರುತ್ತೆ ನೋಡಿ. ಸುಮ್ಮನೆ ಕೇಳಿದ್ದೂ ಹಂಗೆ ಕಾಣಬಹುದು.

ಹರಿಹರದ ಕ್ವಾಲಿಟಿ ಹುಡುಗ:
ಮೇಡಂ, ಮೇಲ್ ಹಾಕಿದೆ, ಸಂಜೆಗೇ ಉತ್ತರ ಬಂತು! ಹೆಸರು ಕೊಡಲ್ಲವಂತೆ. ಸಪ್ಲೈಯರ್ ಕ್ವಾಲಿಟಿ ಮ್ಯಾನೇಜರ್ (ಇವರ ಕೈಕೆಳಗೇ ಕೆಲಸ), ಖರೀದಿ ವಿಭಾಗದವರೊಬ್ಬರು, ಡಿಸೈನ್‌ನವರೊಬ್ಬರು, ಜೊತೆಗೆ "ಇನ್ನೊಬ್ಬರು ಇರಬಹುದು" ಅಂತಿದೆ. ಹೇಳೋಕೆ ನನ್ನ ಹತ್ರ ಗಟ್ಟಿ ಕೇಸ್ ಇರೋದು ಒಂದೇ. 400 ಹೌಸಿಂಗ್‌ನ ಲಾಟ್‌ನಲ್ಲಿ 62ಕ್ಕೆ ಬೋರ್ 0.02 ಮಿ.ಮೀ. ದೊಡ್ಡದಾಗಿ ಗ್ರಾಹಕರ ಕಡೆ ಸಿಕ್ಕಿಬಿತ್ತು. ಇನ್ಸರ್ಟ್ ಬದಲಿಸಿದ ಮೇಲೆ ಆಪರೇಟರ್ ಆಫ್‌ಸೆಟ್ ತಿದ್ದಿರಲಿಲ್ಲ. ಒಂದೇ ಕೇಸ್ ಸಾಕಾ?

ನೇಮಕಾತಿ ಕೆಲಸದಾಕೆ:
ಧಾರಾಳವಾಗಿ ಸಾಕು. ಮೂರು ಜನ ಅದನ್ನ ಮೂರು ಕಡೆಯಿಂದ ಹಿಡಿದು ಎಳೀತಾರೆ, ಅಷ್ಟೇ.

ಮ್ಯಾನೇಜರ್‌ಗೆ ಆಪರೇಟರ್ ಮರೆತ ಅನ್ನೋದು ಉತ್ತರ ಅಲ್ಲ. ಮರೆತಿದ್ದು ನಿಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ ಅಂತ ಕೇಳ್ತಾರೆ. ಗಂಟೆಗೊಂದು ಪೀಸ್ ಅಳೀತಿದ್ರಾ? ಇನ್ಸರ್ಟ್ ಬದಲಾಗಿದ್ದು ಎರಡು ಅಳತೆಯ ನಡುವೆ ಇರಬೇಕು. ಬದಲಿಸಿದ ಮೇಲೆ ಮೊದಲ ಪೀಸ್ ಅಳೆದು ಬರೆದಿಟ್ಟೇ ಮುಂದೆ ಓಡಿಸೋದು ಅಂತ ನಿಯಮ ಮಾಡಿದ್ರೆ ಅದನ್ನ ಹೇಳಿ, 8ಡಿ ರಿಪೋರ್ಟ್ ಯಾರು ಬರೆದ್ರು ಅಂತನೂ ಹೇಳಿ.

ಖರೀದಿಯವರಿಗೆ ಬೋರ್ ಗೀರ್ ಬೇಡ. ಗ್ರಾಹಕರ ಲೈನ್ ನಿಂತಿತಾ, ಉಳಿದ 338 ಪೀಸ್ ವಿಂಗಡಿಸೋಕೆ ಎಷ್ಟು ದಿನ, ಖರ್ಚು ಯಾರ ತಲೆ ಮೇಲೆ ಬಿತ್ತು. ಈ ಲೆಕ್ಕ ನಿಮ್ಮ ಹತ್ರ ಇಲ್ಲ ಅಂದ್ರೆ ನಾಳೆನೇ ನಿಮ್ಮ ಡಿಸ್‌ಪ್ಯಾಚ್‌ನವರನ್ನ ಕೇಳಿ ಇಟ್ಕೊಳ್ಳಿ. ನಾನು ಕಂಡಂಗೆ ಕ್ವಾಲಿಟಿ ಹುಡುಗರು ಎಡವೋದು ಇಲ್ಲೇ.

ಡಿಸೈನ್‌ನವರು '0.02 ತಾನೇ, ಒಪ್ಪಿಕೊಳ್ಳಿ ಅಂತ ಡೀವಿಯೇಶನ್ ಕೇಳಲಿಲ್ವಾ?' ಅಂತ ಕೆಣಕ್ತಾರೆ. ಆ ಬೋರ್‌ನಲ್ಲಿ ಬೇರಿಂಗ್ ಕೂರುತ್ತಾ?

ಹರಿಹರದ ಕ್ವಾಲಿಟಿ ಹುಡುಗ:
ಹೌದು ಮೇಡಂ, ಬೇರಿಂಗ್ ಸೀಟ್. ಸಡಿಲ ಆದ್ರೆ ಹೊರಗಿನ ರೇಸ್ ಬೋರ್‌ನಲ್ಲೇ ತಿರುಗೋಕೆ ಶುರುವಾಗುತ್ತೆ. ಅದಕ್ಕೇ ಕೇಳದೆ 62ನ್ನೂ ಸ್ಕ್ರ್ಯಾಪ್ ಮಾಡಿದ್ವಿ.

ನೇಮಕಾತಿ ಕೆಲಸದಾಕೆ:
ಅದನ್ನ ಇದೇ ಮಾತಲ್ಲಿ ಹೇಳಿ. ಇನ್ನೊಂದು: ಯಾರ ಹೆಸರಾದ್ರೂ ತಿಳಿದ್ರೆ ಮನೆಯಲ್ಲಿ ಬಾಯಿ ಬಿಡಬೇಡಿ. ಒಬ್ಬ ಹುಡುಗಿಯ ಅಪ್ಪ ಮಂಡಿಪೇಟೆಯ ಪರಿಚಯದವರೊಬ್ಬರನ್ನ ಹಿಡಿದು 'ನಮ್ಮ ಬೀಗರ ಕಡೆಯವರು' ಅಂತ ಪ್ಯಾನೆಲ್‌ನವರಿಗೇ ಫೋನ್ ಮಾಡಿಸಿದ್ರು. ಅವರು ನೇರ ಎಚ್‌ಆರ್‌ಗೆ ತಿಳಿಸಿದ್ರು. ಹುಡುಗಿಗೆ ಇದು ಯಾವುದೂ ಗೊತ್ತಿಲ್ಲ, ಆದ್ರೂ ಅವಳ ಫೈಲ್ ಅಲ್ಲಿಗೇ ನಿಂತಿತು.

ಫ್ಯಾಕ್ಟರಿ ಎಚ್‌ಆರ್, ದಾವಣಗೆರೆ:
ಇದಕ್ಕೇ ಮೇಡಂ ನಾವು ಹೆಸರು ಕೊಡೋದು ನಿಲ್ಲಿಸಿದ್ದು. ಬೆಂಗಳೂರಲ್ಲಿ ನಡೆಯಬಹುದು, ಇಲ್ಲಿ ಅಡ್ಡಹೆಸರು ಕೇಳಿದ್ರೆ ಸಾಕು, ಊರು, ನೆಂಟಸ್ತಿಕೆ ಎಲ್ಲ ಹೊರಡುತ್ತೆ. ವಿಭಾಗ ಕೇಳಲಿ, ಹೇಳ್ತೀವಿ.

ನೇಮಕಾತಿ ಕೆಲಸದಾಕೆ:
ನಿಮ್ಮ ಕಷ್ಟ ಗೊತ್ತು ಸರ್. ಆದ್ರೂ ಅಭ್ಯರ್ಥಿಯ ಹೆಸರು, ಜಾತಕ ಎಲ್ಲ ಪ್ಯಾನೆಲ್ ಕೈಯಲ್ಲಿರುತ್ತೆ. ಎದುರಿಗೆ ಕೂತವರ ಹೆಸರು ಅವನಿಗೂ ಗೊತ್ತಿರಲಿ ಅನ್ನೋಳು ನಾನು.

ಹರಿಹರದ ಕ್ವಾಲಿಟಿ ಹುಡುಗ:
ಆ 'ಇನ್ನೊಬ್ಬರು' ಯಾರು ಅಂತ ಮತ್ತೆ ಕೇಳಲಾ ಮೇಡಂ?

ನೇಮಕಾತಿ ಕೆಲಸದಾಕೆ:
ಬೇಡ, ರಿಕ್ರೂಟರ್‌ಗೂ ಗೊತ್ತಿಲ್ಲದೇ ಹಂಗೆ ಬರೆದಿರ್ತಾರೆ. ಶುರುವಿನಲ್ಲಿ ಎಲ್ಲರೂ ಪರಿಚಯ ಹೇಳ್ಕೊಳ್ಳುವಾಗ ಪೆನ್ನು ಹಿಡ್ಕೊಂಡು ಕೂತಿರಿ, ಹೆಸರು, ವಿಭಾಗ ಬರ್ಕೊಳ್ಳಿ. ಅವರು ಪರಿಚಯ ಹೇಳದೇ ಪ್ರಶ್ನೆಗೆ ಇಳಿದ್ರೆ 'ಸರ್, ತಾವು ಯಾವ ವಿಭಾಗ?' ಅಂತ ಆಗಲೇ ಕೇಳಿ.